ಕೈಲ್ ಪೊಳ್ದ್ ಕ್ರೀಡಾಕೂಟ 2026: ಬ್ಯಾನರ್, ಪೋಸ್ಟರ್ ಅಂತಿಮ ಪ್ರತಿ (ಡಿಟಿಪಿಗೆ)

ಹಿಂದಿನ ಫೈಲು ಅಳಿಸಿ. ಅದು ಕಳೆದ ವರ್ಷದ್ದನ್ನೇ ತಿದ್ದಿದ್ದು; ಇಸವಿ ಬದಲಾಗಿದೆ, ವಾರ ಬದಲಾಗಿಲ್ಲ. ಹಬ್ಬದ ದಿನವಾದ ಸೆಪ್ಟೆಂಬರ್ 3 ಬುಧವಾರ ಬಂದದ್ದು 2025ರಲ್ಲಿ, ಈ ಸಲ ಗುರುವಾರ. ಕ್ರೀಡಾಕೂಟ ‘7 ಭಾನುವಾರ’ ಎಂದಿದೆ. 7 ಸೋಮವಾರ, ಭಾನುವಾರ 6ಕ್ಕೆ. ಹಾಗೇ ಅಚ್ಚಾಗಿದ್ದರೆ ಅರ್ಧ ಊರು ಒಂದು ದಿನ ತಡವಾಗಿ ಬರುತ್ತಿತ್ತು.

1. ರಸ್ತೆ ಬ್ಯಾನರ್, 10 × 6 ಅಡಿ, 4 ಪ್ರತಿ

ಕೈಲ್ ಪೊಳ್ದ್
ಕ್ರೀಡಾಕೂಟ
ಸೆಪ್ಟೆಂಬರ್ 6, ಭಾನುವಾರ
ಬೆಳಿಗ್ಗೆ 9ಕ್ಕೆ, ಬಾಳೆಲೆ ಶಾಲಾ ಮೈದಾನ

ಇಷ್ಟೇ, 11 ಪದ. ‘ಸರ್ವರಿಗೂ ಆದರದ ಸ್ವಾಗತ ಬಯಸುವ’ ಎಂಬ ಸಾಲು, ಗಣ್ಯರ 14 ಫೋಟೊ, ಹೂಬಳ್ಳಿಯ ಅಂಚು ಎಲ್ಲ ತೆಗೆದಿದ್ದೇವೆ. ಫೋಟೊ ಬೇಕೆಂದವರಿಗೆ ವೇದಿಕೆಯ ಹಿಂದಿನ ಪರದೆ ಇದೆ.

ಅಕ್ಷರದ ಎತ್ತರ ಮೇಲಿನಿಂದ ಕ್ರಮವಾಗಿ 14, 8, 9, 6 ಇಂಚು. ಒಂದು ಇಂಚಿಗೆ ಹತ್ತು ಅಡಿ ದೂರದ ಲೆಕ್ಕ: ಮೊದಲ ಸಾಲು 140 ಅಡಿಯಿಂದ, ಕೊನೆಯದು 60 ಅಡಿಯಿಂದ ಸಲೀಸಾಗಿ ಓದಬಹುದು. ಗಂಟೆಗೆ 40 ಕಿ.ಮೀ. ವೇಗದ ಜೀಪು 140 ಅಡಿಯನ್ನು ನಾಲ್ಕೇ ಸೆಕೆಂಡಿನಲ್ಲಿ ದಾಟುತ್ತದೆ. ನಮ್ಮ ತಿರುವುಗಳಲ್ಲಿ ಅಷ್ಟು ದೂರ ಕಾಣುವುದೂ ಅಪರೂಪ. ಅದಕ್ಕೇ ನೇರ ರಸ್ತೆ ಸಿಗುವ ಕಡೆ ಮಾತ್ರ ಕಟ್ಟುತ್ತೇವೆ.

ಅಕ್ಷರ ಇಂಚಿನಲ್ಲಿ ಸರಿಯಿದ್ದರೂ ಸಾಲುಗಳನ್ನು ಒತ್ತಬೇಡಿ. ‘ಳ್ದ್’ನಲ್ಲಿ ದ ಒತ್ತು, ‘ಕ್ರೀ’ಯಲ್ಲಿ ರ ಒತ್ತು ಕೆಳಗಿಳಿಯುತ್ತವೆ. ಇಂಗ್ಲಿಷ್ ಲೆಕ್ಕದಲ್ಲಿ ಸಾಲು ಕೂರಿಸಿದರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೊಡೆಯುತ್ತದೆ.

‘ಕೈಲ್’ ಆದ ಮೇಲೆ ಒಂದು ಸ್ಪೇಸ್ ಇರಲೇಬೇಕು. ಸೇರಿಸಿ ಹೊಡೆದರೆ ಲ್ ಮತ್ತು ಪೊ ಕೂಡಿ ‘ಕೈಲ್ಪೊಳ್ದ್’ ಆಗುತ್ತದೆ, ದೂರದಿಂದ ಏನೆಂದೇ ತಿಳಿಯುವುದಿಲ್ಲ. ನುಡಿ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸಿದರೆ ಮತ್ತೊಮ್ಮೆ ಓದಿ: ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದು ಅಲ್ಲೇ. ನಮ್ಮ ಒಪ್ಪಿಗೆಯ ನಂತರ ಕರ್ವ್ಸ್ ಮಾಡಿ, ಆಮೇಲೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಅಕ್ಷರ ಮುರಿಯುವುದಿಲ್ಲ.

ಹಳದಿ ನೆಲ, ಕಡುಗೆಂಪು ಅಕ್ಷರ. ಹಸಿರು ಬೇಡ, ತೋಟದ ಹಿನ್ನೆಲೆಯಲ್ಲಿ ಮರೆಯಾಗುತ್ತದೆ. ತಿಳಿನೀಲಿಯ ಮೇಲೆ ಬಿಳಿಯೂ ಬೇಡ, ಸೆಪ್ಟೆಂಬರಿನ ಮಂಜಿನಲ್ಲಿ ಅದು ಮಂಜೇ. ಅಕ್ಷರಕ್ಕೆ ನೆರಳು, ಚಿನ್ನದ ಗ್ರೇಡಿಯಂಟ್ ಹಾಕಬೇಡಿ.

ಬಟ್ಟೆಯ ಮೇಲೆ ಅಚ್ಚು ಹಾಕಿ. ಬಾಯಲ್ಲಿ ಫ್ಲೆಕ್ಸ್ ಎನ್ನುತ್ತೇವೆ, ಆದರೆ ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ. ನಾಲ್ಕು ಬದಿಗೂ ಮಡಚಿ ಹೊಲಿದು, ಎರಡೆರಡು ಅಡಿಗೆ ಒಂದು ಕಣ್ಣು. ಒದ್ದೆ ಬಟ್ಟೆ ಗಾಳಿಗೆ ಮೂಲೆಯಿಂದಲೇ ಹರಿಯುತ್ತದೆ, ಮೂಲೆಗಳಿಗೆ ಎರಡು ಪದರ ಇರಲಿ. ಅಕ್ಷರ ಅಂಚಿನಿಂದ 5 ಇಂಚು ಒಳಗೆ.

2. ಗೋಡೆ ಪೋಸ್ಟರ್, 18 × 24 ಇಂಚು, 60 ಪ್ರತಿ

ನಿಂತು ಓದುವುದರಿಂದ ವಿವರ ಇಲ್ಲಿ. ಹಬ್ಬದ ದಿನವೂ ಆಟದ ದಿನವೂ ಬೇರೆ ಬೇರೆ, ಎರಡೂ ಇರುವುದು ಈ ಪೋಸ್ಟರಿನಲ್ಲಿ ಮಾತ್ರ. ಇಸವಿಯೂ ಇಲ್ಲಿರಲಿ, ಹಳೆಯ ಪೋಸ್ಟರ್ ಗೋಡೆಯಲ್ಲಿ ಉಳಿದಿರುತ್ತದೆ.

ಕೈಲ್ ಪೊಳ್ದ್
ಕ್ರೀಡಾಕೂಟ 2026

ಹಬ್ಬ: ಸೆಪ್ಟೆಂಬರ್ 3, ಗುರುವಾರ (ಮನೆಮನೆಯಲ್ಲಿ)
ಆಟ: ಸೆಪ್ಟೆಂಬರ್ 6, ಭಾನುವಾರ
ಬಾಳೆಲೆ ಶಾಲಾ ಮೈದಾನ

ಬೆಳಿಗ್ಗೆ 9.00 ಹೆಸರು ನೋಂದಣಿ, ಮೈದಾನದಲ್ಲೇ
9.30 ಮಕ್ಕಳ ಓಟ
10.30 ಹಗ್ಗ ಜಗ್ಗಾಟ: ಗಂಡಸರು, ಹೆಂಗಸರು
11.30 ತೆಂಗಿನಕಾಯಿಗೆ ಗುಂಡು
ಮಧ್ಯಾಹ್ನ 1.30 ಊಟ
3.30 ಬಹುಮಾನ

ಕೋವಿ ತರುವವರು ಪರವಾನಗಿ ಅಥವಾ ವಿನಾಯಿತಿ ಪತ್ರ ತನ್ನಿ.
ಮಳೆ ಬಂದರೂ ಆಟ ಇದೆ.

ಕೈಲ್ ಪೊಳ್ದ್ ಕ್ರೀಡಾ ಸಮಿತಿ

‘11.30’ರ ಸಾಲು ಕರಡಿನಲ್ಲಿ ‘ಸಾಂಪ್ರದಾಯಿಕ ನಾರಿಕೇಳ ಗುರಿಭೇದನ ಸ್ಪರ್ಧೆ’ ಎಂದಿತ್ತು. ಊರಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

3. ಗುಂಡಿನ ಜಾಗದ ಬೋರ್ಡು, 4 × 3 ಅಡಿ, 2 ಪ್ರತಿ

ಗುಂಡು ಹೊಡೆಯುತ್ತಿದ್ದಾರೆ
ಹಗ್ಗ ದಾಟಬೇಡಿ

ಬಿಳಿ ನೆಲ, ಕೆಂಪು ಅಕ್ಷರ, ಬೇರೆ ಏನೂ ಬೇಡ. ‘ದಯವಿಟ್ಟು’ ಕೂಡ ಬೇಡ.

4. ತಿರುವಿನ ಬಾಣದ ಬೋರ್ಡು, 3 × 2 ಅಡಿ, 6 ಪ್ರತಿ

ಕೈಲ್ ಪೊಳ್ದ್ ಆಟ →

ಮೂರು ಎಡಕ್ಕೆ, ಮೂರು ಬಲಕ್ಕೆ. ಬಾಣ ಅಕ್ಷರದಷ್ಟೇ ದಪ್ಪವಿರಲಿ.

ಪ್ರೂಫನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿ ಒಪ್ಪುವುದಿಲ್ಲ. ಎ4 ಕಾಗದದಲ್ಲಿ ಅಚ್ಚು ತೆಗೆದು ಕೊಡಿ: ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು ಓದುತ್ತೇವೆ. ಒಬ್ಬರು ತಾರೀಕು, ಇನ್ನೊಬ್ಬರು ಕ್ಯಾಲೆಂಡರಿನ ವಾರ ಗಟ್ಟಿಯಾಗಿ ಓದಿ ತಾಳೆ ನೋಡಿದ ಮೇಲೆ ಸಹಿ. ಆಗಸ್ಟ್ 26, ಬುಧವಾರ ಸಂಜೆ ಬ್ಯಾನರ್ ಕೈಗೆ ಸಿಗಬೇಕು. ಸೆಪ್ಟೆಂಬರ್ 7, ಸೋಮವಾರ ಬೆಳಿಗ್ಗೆ ಎಲ್ಲವನ್ನೂ ನಾವೇ ಇಳಿಸುತ್ತೇವೆ.