ಬೀರುವಿನ ಬೀಗ ತೆಗೆಯೋಣ: ಕರಡಿಬಂಡಿ ಶಾಲೆಯ ಲೈಬ್ರರಿಗಾಗಿ ವಿಡಿಯೊ ಸ್ಕ್ರಿಪ್ಟ್

(ಅವಧಿ: ಸುಮಾರು 5 ನಿಮಿಷ. ಮಾತಾಡುವವರು: ಮುಖ್ಯ ಶಿಕ್ಷಕಿ, ಆರನೇ ತರಗತಿಯ ಒಬ್ಬ ಹುಡುಗಿ, ಎಸ್‌ಡಿಎಂಸಿ ಅಧ್ಯಕ್ಷರು. ಹಿನ್ನೆಲೆ ಸಂಗೀತ ಬೇಡ. ಶಾಲೆಯ ಸದ್ದೇ ಸಾಕು.)

ದೃಶ್ಯ 1: ಮುಖ್ಯ ಶಿಕ್ಷಕಿಯ ಕೋಣೆ

(ಕಬ್ಬಿಣದ ಬೀರು. ಕೀಲಿ ತಿರುಗಿಸುವ ಕೈ. ಬಾಗಿಲು ಕಿರ್ ಎಂದು ತೆರೆಯುತ್ತದೆ. ಮೇಲಿನ ಎರಡು ಅರೆಯಲ್ಲಿ ಹಾಜರಿ ಪುಸ್ತಕ, ಬಿಸಿಯೂಟದ ರಿಜಿಸ್ಟರ್, ವರ್ಗಾವಣೆ ಪತ್ರಗಳ ಕಟ್ಟು. ಕೆಳಗೆ ಗಾಳಿ ಹೋದ ವಾಲಿಬಾಲ್. ಅದರ ಹಿಂದೆ ದಾರ ಕಟ್ಟಿದ ಕಥೆಪುಸ್ತಕಗಳು.)

ಮುಖ್ಯ ಶಿಕ್ಷಕಿ: ನಮಸ್ಕಾರ. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಕರಡಿಬಂಡಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿಂದ ಮಾತಾಡ್ತಿದ್ದೇನೆ. ಒಂದರಿಂದ ಏಳನೇ ತರಗತಿವರೆಗೆ 184 ಮಕ್ಕಳಿದ್ದಾರೆ. ಇದು ನಮ್ಮ ಲೈಬ್ರರಿ.

(ವಾಲಿಬಾಲ್ ತೆಗೆದು ಪಕ್ಕಕ್ಕಿಡುತ್ತಾರೆ. ಒಂದು ಪುಸ್ತಕ ತೆಗೆದು ತೋರಿಸುತ್ತಾರೆ. ಹೊಚ್ಚ ಹೊಸದರಂತೆ ಇದೆ.)

ಮುಖ್ಯ ಶಿಕ್ಷಕಿ: ಇದು ಶಾಲೆಗೆ ಬಂದು ವರ್ಷಗಳೇ ಆದವು. ಒಂದು ಪುಟವೂ ಮಡಚಿಲ್ಲ ನೋಡಿ. ಯಾಕೆ ಅಂದ್ರೆ, ಪ್ರತಿ ಪುಸ್ತಕಕ್ಕೂ ಸ್ಟಾಕ್ ರಿಜಿಸ್ಟರ್‌ನಲ್ಲಿ ನಂಬರ್ ಇದೆ. ಹರಿದರೆ, ಕಳೆದರೆ ಲೆಕ್ಕ ಕೊಡಬೇಕು. ಆ ಹೆದರಿಕೆಗೆ ಎಷ್ಟೋ ಶಾಲೆಗಳಲ್ಲಿ ಪುಸ್ತಕ ಬೀರು ಬಿಟ್ಟು ಹೊರಗೆ ಬರೋದೇ ಇಲ್ಲ. ನಾವು ವಾರಕ್ಕೊಮ್ಮೆ ತೆಗೀತೀವಿ. ಆದರೆ ಕೂತು ಓದೋಕೆ ಜಾಗ ಇಲ್ಲ, ಕೊಟ್ಟು ಬರೆದುಕೊಳ್ಳೋಕೆ ಆಳಿಲ್ಲ.

ದೃಶ್ಯ 2: ಬೇವಿನ ಮರದ ಕಟ್ಟೆ

(ಹುಡುಗಿ ಒಂದು ಪುಸ್ತಕ ಹಿಡಿದು ಕೂತಿದ್ದಾಳೆ. ಬೆನ್ನಿಗೆ ಕಂದು ಬಣ್ಣದ ಟೇಪ್. ಕೊನೆಯ ಪುಟ ತೆರೆದು ತೋರಿಸುತ್ತಾಳೆ. ಕಥೆ ಮಧ್ಯದಲ್ಲೇ ನಿಂತಿದೆ.)

ಹುಡುಗಿ: ಇದರಾಗ ಕೊನೆ ನಾಲ್ಕು ಪುಟ ಇಲ್ರಿ. ನರಿ ಬಾವ್ಯಾಗ ಬಿತ್ತು ಅನ್ನೋತನ ಐತಿ. ಮುಂದ ಏನಾತು ಗೊತ್ತಿಲ್ಲ. ತಂಗಿ ಕೇಳ್ತಾಳ. ಒಮ್ಮೆ ಮೇಲೆ ಬಂತು ಅಂತೀನಿ, ಒಮ್ಮೆ ಮೊಸಳಿ ತಿಂತು ಅಂತೀನಿ. ಮೊಸಳಿ ತಿಂದ್ರ ಅಳ್ತಾಳ.

(ನಗುತ್ತಾಳೆ. ಈ ಭಾಗ ಕತ್ತರಿಸಬೇಡಿ, ನಗು ಪೂರ್ತಿ ಬರಲಿ.)

ದೃಶ್ಯ 3: ಹಳೇ ಕೋಣೆ

(ಕಲ್ಲಿನ ಗೋಡೆ, ಷಹಾಬಾದ್ ಕಲ್ಲಿನ ನೆಲ. ಛಾವಣಿಯಲ್ಲಿ ತೇವದ ಕಲೆ. ಒಂದು ಕಿಟಕಿಗೆ ತಗಡು ಬಡಿದಿದೆ. ಬಾಗಿಲ ಚೌಕಟ್ಟಿನಲ್ಲಿ ಗೆದ್ದಲಿನ ಮಣ್ಣಿನ ಗೆರೆ. ಶಿಕ್ಷಕಿ ಬೆರಳಿನಿಂದ ಅದನ್ನು ಕೆರೆಯುತ್ತಾರೆ.)

ಮುಖ್ಯ ಶಿಕ್ಷಕಿ: ಮೊದಲು ಇಲ್ಲಿ ಬಿಸಿಯೂಟದ ಅಕ್ಕಿ, ಬೇಳೆ ಇಡ್ತಿದ್ವಿ. ಹೊಸ ಅಡುಗೆ ಕೋಣೆ ಆದ ಮೇಲೆ ಇದು ಖಾಲಿ. ಇದನ್ನೇ ಲೈಬ್ರರಿ ಮಾಡಬೇಕು ಅಂತ ಊರಿನವರು ಸೇರಿ ತೀರ್ಮಾನ ಮಾಡಿದ್ದೇವೆ. ಹೊಸ ಕಟ್ಟಡ ಬೇಡ. ಗೋಡೆ ಗಟ್ಟಿಯಾಗಿದೆ.

ನೀವು ಕೇಳಬಹುದು, ಸರ್ಕಾರ ದುಡ್ಡು ಕೊಡಲ್ವಾ? ಕೊಡುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿ ಅನುದಾನ ಇದೆ. ಅದರಲ್ಲಿ ಪುಸ್ತಕ ಬರುತ್ತೆ. ಛಾವಣಿ ರಿಪೇರಿ ಆಗಲ್ಲ, ಬಾಗಿಲು ತೆಗೆದು ಕೂರೋರಿಗೆ ಸಂಬಳ ಆಗಲ್ಲ.

(ಗೋಡೆಯ ಪಕ್ಕ ನಿಂತು ತನ್ನ ಸೊಂಟದ ಮಟ್ಟಕ್ಕೆ ಕೈ ಇಟ್ಟು ತೋರಿಸುತ್ತಾರೆ.)

ಮುಖ್ಯ ಶಿಕ್ಷಕಿ: ರ‍್ಯಾಕ್ ಇಷ್ಟೇ ಎತ್ತರ. ಬಾಗಿಲು, ಗಾಜು, ಬೀಗ ಯಾವುದೂ ಇರಲ್ಲ. ನಲಿ-ಕಲಿ ಮಕ್ಕಳು, ಅಂದರೆ ಒಂದರಿಂದ ಮೂರನೇ ತರಗತಿಯವರು, ತಾವೇ ಕೈ ಹಾಕಿ ತೆಗೀಬೇಕು. ಅವರಿಗೆ ದೊಡ್ಡ ಅಕ್ಷರ, ಜಾಸ್ತಿ ಚಿತ್ರ. ದೊಡ್ಡವರಿಗೆ ಕಥೆ, ವಿಜ್ಞಾನ, ಜೀವನ ಚರಿತ್ರೆ, ಒಂದು ಒಳ್ಳೇ ಅಟ್ಲಾಸ್. ಪುಸ್ತಕ ಮನೆಗೂ ಹೋಗುತ್ತೆ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಮಂಗಳೂರು, ಗೋವಾ ಅಂತ ಗುಳೆ ಹೋಗ್ತಾರೆ, ಮಕ್ಕಳೂ ಜೊತೆಗೆ ಹೋಗ್ತಾರೆ. ಹೋಗುವಾಗ ಚೀಲದಲ್ಲಿ ಎರಡು ಪುಸ್ತಕ ಹಾಕಿ ಕಳಿಸ್ತೀವಿ. ಕಳೆದರೆ ಕಳೀಲಿ. ದಾನದ ಪುಸ್ತಕ ಕಳೆದರೆ ಮಗುವಿನಿಂದ ದುಡ್ಡು ಕೇಳಬಾರದು ಅಂತ ಸಮಿತಿಯಲ್ಲಿ ಠರಾವು ಮಾಡಿದ್ದೇವೆ.

ದೃಶ್ಯ 4: ಊರ ಚಾವಡಿ

(ಎಸ್‌ಡಿಎಂಸಿ ಅಧ್ಯಕ್ಷರು. ಕೈಯಲ್ಲಿ ನೂರು ಪುಟದ ನೋಟ್‌ಬುಕ್, ಒಳಗೆ ಹೆಸರು ಮತ್ತು ಮೊತ್ತ.)

ಅಧ್ಯಕ್ಷರು: ಶೇಂಗಾ ಮಾರಿದ ಮ್ಯಾಲೆ ಮನಿಮನಿಗೆ ಹೋದ್ವಿರಿ. ಒಬ್ರು ನೂರು ಕೊಟ್ರು, ಒಬ್ರು ಸಾವಿರ ಕೊಟ್ರು. ಅರವತ್ತು ಸಾವಿರ ಕೂಡೇತಿ. ರೊಕ್ಕ ಇಲ್ಲದವರು ಗಾರೆ ಕೆಲಸಕ್ಕ ಆಳಾಗಿ ಬರ್ತೀವಿ ಅಂದಾರ. ಇನ್ನ ನಮ್ಮ ಕೈ ಹರಿಯೂದಿಲ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೀವಿ.

ಪರದೆಯ ಮೇಲೆ (ಒಂದೊಂದೇ ಸಾಲಾಗಿ ಬರಲಿ, ಓದುವಷ್ಟು ಹೊತ್ತು ನಿಲ್ಲಲಿ):

ಛಾವಣಿ, ಕಿಟಕಿ, ಗೆದ್ದಲು, ವೈರಿಂಗ್: 1,10,000
1,200 ಪುಸ್ತಕ: 1,20,000
8 ರ‍್ಯಾಕ್: 64,000
ಚಾಪೆ, ಗಿಡ್ಡ ಮೇಜು, ಫ್ಯಾನ್: 16,000
ಲೈಬ್ರರಿ ನೋಡಿಕೊಳ್ಳುವವರ ಗೌರವಧನ, ಒಂದು ವರ್ಷ: 36,000
ದಿನಪತ್ರಿಕೆ, ಮಕ್ಕಳ ಮಾಸಿಕ: 14,000
ಒಟ್ಟು 3,60,000. ಊರು ಕೊಟ್ಟಿದ್ದು 60,000. ಬೇಕಾಗಿರುವುದು 3,00,000 ರೂಪಾಯಿ.

ಮುಖ್ಯ ಶಿಕ್ಷಕಿ (ಧ್ವನಿ): ನಮ್ಮೂರಲ್ಲೇ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ದಿನಾ ಸಂಜೆ ಆರರವರೆಗೆ, ಭಾನುವಾರ ಬೆಳಿಗ್ಗೆ ಲೈಬ್ರರಿ ತೆಗೆದಿರ್ತಾಳೆ. ತಿಂಗಳಿಗೆ 3,000. ಈ ಖರ್ಚು ಕೆಲವರಿಗೆ ಅನಗತ್ಯ ಅನಿಸಬಹುದು. ನನಗೆ ಪಟ್ಟಿಯಲ್ಲಿ ಇದೇ ಮುಖ್ಯ. ನೋಡಿಕೊಳ್ಳೋರಿಲ್ಲದ ಲೈಬ್ರರಿ ಆರು ತಿಂಗಳಲ್ಲಿ ಮತ್ತೆ ಸ್ಟೋರ್ ರೂಮ್ ಆಗುತ್ತೆ.

ದೃಶ್ಯ 5: ಮುಖ್ಯ ಶಿಕ್ಷಕಿ ನೇರವಾಗಿ ಕ್ಯಾಮೆರಾ ನೋಡುತ್ತಾ

(ಪರದೆಯ ಬಲಗಡೆ ಕ್ಯೂಆರ್ ಕೋಡ್. ಇಲ್ಲಿಂದ ಕೊನೆವರೆಗೆ ತೆಗೆಯಬಾರದು.)

ಮುಖ್ಯ ಶಿಕ್ಷಕಿ: 500 ರೂಪಾಯಿ ಕೊಟ್ಟರೆ ಐದು ಪುಸ್ತಕ ಬರುತ್ತೆ. 3,000 ಕೊಟ್ಟರೆ ಒಂದು ತಿಂಗಳು ಬಾಗಿಲು ತೆರೆದಿರುತ್ತೆ. 8,000 ಕೊಟ್ಟರೆ ಒಂದು ರ‍್ಯಾಕ್. ನೂರು ರೂಪಾಯಿ ಕಳಿಸೋಕೆ ಸಂಕೋಚ ಬೇಡ, ಅದೂ ಒಂದು ಪುಸ್ತಕವೇ.

ಫೋನ್‌ಪೇ, ಗೂಗಲ್ ಪೇ, ಯಾವುದರಲ್ಲಾದರೂ ಈ ಕೋಡ್ ಸ್ಕ್ಯಾನ್ ಮಾಡಿ. ಶಾಲಾಭಿವೃದ್ಧಿ ಸಮಿತಿಯ ಹೆಸರು ಬರಬೇಕು. ಬೇರೆ ಯಾರದೋ ಹೆಸರು ಬಂದರೆ ದುಡ್ಡು ಹಾಕಬೇಡಿ. ಷರಾ ಜಾಗದಲ್ಲಿ 'ಲೈಬ್ರರಿ' ಅಂತ ಬರೆದು ನಿಮ್ಮ ಹೆಸರು, ಊರು ಹಾಕಿ. ರಸೀದಿ ಬೇಕಿದ್ದರೆ ಪಾವತಿಯ ಸ್ಕ್ರೀನ್‌ಶಾಟ್ ಅನ್ನು ಕೆಳಗಿರುವ ಶಾಲೆಯ ಇಮೇಲ್‌ಗೆ ಕಳಿಸಿ. ಪ್ರತಿ ತಿಂಗಳ ಜಮಾ ಖರ್ಚನ್ನ ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಿ, ಅದರ ಫೋಟೊ ದಾನಿಗಳಿಗೆಲ್ಲ ಕಳಿಸ್ತೀವಿ.

ಪುಸ್ತಕ ಕಳಿಸ್ತೀವಿ ಅನ್ನೋರಿಗೆ ಒಂದು ಮಾತು. ಸುಮ್ನೆ ಮನೆ ಖಾಲಿ ಮಾಡೋಕೆ ಕಳಿಸಬೇಡಿ. ಹಳೇ ಗೈಡು, ಹಳೇ ಪಂಚಾಂಗ ನಮ್ಮ ಹತ್ತಿರವೂ ಬೇಕಾದಷ್ಟಿದೆ. ನಿಮ್ಮ ಮಗು ಇಷ್ಟಪಟ್ಟು ಓದಿದ್ದು ಇದ್ದರೆ ಖಂಡಿತ ಕಳಿಸಿ, ಪುಟ ಎಲ್ಲಾ ಇದೆಯಾ ನೋಡಿ.

ಮಾರ್ಚ್ 31ರೊಳಗೆ ದುಡ್ಡು ಬಂದರೆ ಬೇಸಿಗೆ ರಜೆಯಲ್ಲಿ ಕೆಲಸ ಮುಗಿಸ್ತೀವಿ. ತಡವಾದರೆ ಮಳೆ ಶುರುವಾಗುತ್ತೆ, ಛಾವಣಿ ಕೆಲಸ ಮುಂದಿನ ವರ್ಷಕ್ಕೆ ಹೋಗುತ್ತೆ. ಪೂರ್ತಿ ಮೊತ್ತ ಸೇರದಿದ್ದರೆ ಮೊದಲು ಛಾವಣಿಯನ್ನೇ ಮಾಡಿಸ್ತೀವಿ. ಜಾಸ್ತಿ ಬಂದರೆ ಅದು ಎರಡನೇ ವರ್ಷದ ಗೌರವಧನಕ್ಕೆ.

ಈಗಲೇ ಸ್ಕ್ಯಾನ್ ಮಾಡಿ. ಆಮೇಲೆ ಈ ವಿಡಿಯೊವನ್ನ ನಿಮ್ಮ ಮನೆಯವರ ಗ್ರೂಪಿಗೆ, ಹಳೇ ಗೆಳೆಯರ ಗ್ರೂಪಿಗೆ ಹಾಕಿ. ಕುಷ್ಟಗಿ, ಇಳಕಲ್, ಗಂಗಾವತಿ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಮೊದಲು ಕಳಿಸಿ.

ಕೊನೆಯ ಫಲಕ (10 ಸೆಕೆಂಡ್):

ಕರಡಿಬಂಡಿ ಶಾಲೆಗೆ ಲೈಬ್ರರಿ. ಬೇಕಿರುವುದು 3,00,000 ರೂಪಾಯಿ.
ಕೊನೆಯ ದಿನ: ಮಾರ್ಚ್ 31
ಸ್ಕ್ಯಾನ್ ಮಾಡಿ. ಷರಾ: ಲೈಬ್ರರಿ.