ಕೋಸಂಬರಿ ಯಾಕೆ ನೀರು ಬಿಡುತ್ತದೆ?

ಒಂಬತ್ತನೇ ತರಗತಿಯ ಮಕ್ಕಳೇ, ಪಾಠದಲ್ಲಿ ಹೀಗಿದೆ: "ಅರೆಪ್ರವೇಶ್ಯ ಪೊರೆಯ ಮೂಲಕ ನೀರಿನ ಅಣುಗಳು ನೀರಿನ ಸಾರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಚಲಿಸುವುದೇ ಅಭಿಸರಣೆ."

ಸುಮ್ನೆ ಬಾಯಿಪಾಠ ಮಾಡಬೇಡಿ. ಅಡುಗೆಮನೆಗೆ ಬನ್ನಿ.

ಅಜ್ಜಿ ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಕೊನೆಗೆ, ಬಡಿಸುವ ಹೊತ್ತಿಗೆ ಹಾಕುತ್ತಾರೆ, ಅಲ್ವಾ? ಮೊದಲೇ ಹಾಕಿದರೆ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಅದು ಸೌತೆಕಾಯಿಯ ಒಳಗಿನ ನೀರೇ. ಸೌತೆಕಾಯಿಯ ಪ್ರತಿಯೊಂದು ಜೀವಕೋಶಕ್ಕೂ ತೆಳುವಾದ ಪೊರೆ ಇದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ "ಅರೆಪ್ರವೇಶ್ಯ" ಎಂಬ ಹೆಸರು. ಹೊರಗೆ ಉಪ್ಪು ಜಾಸ್ತಿ, ಅಂದರೆ ನೀರಿನ ಪಾಲು ಕಡಿಮೆ. ಒಳಗೆ ನೀರಿನ ಪಾಲು ಜಾಸ್ತಿ. ಹಾಗಾಗಿ ನೀರು ಹೊರಗೆ ಬರುತ್ತದೆ, ಹೋಳು ಮೆತ್ತಗಾಗುತ್ತದೆ.

ಇಲ್ಲಿ ತುಂಬ ಜನ ಎಡವುತ್ತಾರೆ. "ಸಾರತೆ ಹೆಚ್ಚು" ಎಂದ ಕೂಡಲೇ ಉಪ್ಪು ಹೆಚ್ಚು ಎಂದುಕೊಳ್ಳುತ್ತಾರೆ. ವ್ಯಾಖ್ಯೆ ಹೇಳುತ್ತಿರುವುದು ನೀರಿನ ಸಾರತೆಯನ್ನು. ಆ ಪದಕ್ಕೆ ಗೆರೆ ಎಳೆದುಕೊಳ್ಳಿ.

ಈಗ ನಿಮ್ಮ ಸರದಿ. ಇವತ್ತು ರಾತ್ರಿ ನಾಲ್ಕು ಒಣದ್ರಾಕ್ಷಿಯನ್ನು ಬರೀ ನೀರಿನಲ್ಲಿ, ನಾಲ್ಕನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ನೆನೆಸಿಡಿ. ಬೆಳಿಗ್ಗೆ ಯಾವುದು ಹೆಚ್ಚು ಉಬ್ಬಿದೆ, ಯಾಕೆ ಎಂದು ಬರೆದು ತನ್ನಿ.