ಸ್ವಯಂ ಮೌಲ್ಯಮಾಪನ ವರದಿ: 2024-25

ಹುದ್ದೆ: ವಿಸ್ತರಣಾಧಿಕಾರಿ, ಜಿಲ್ಲಾ ಹಾಲು ಒಕ್ಕೂಟ
ವ್ಯಾಪ್ತಿ: 22 ಹಾಲು ಉತ್ಪಾದಕರ ಸಹಕಾರ ಸಂಘಗಳು (ಒಂದು ಈ ವರ್ಷ ಹೊಸದು)

ಹಾಲು ಶೇಖರಣೆ
ನನ್ನ ಮಾರ್ಗದ ದಿನದ ಸರಾಸರಿ ಶೇಖರಣೆ 11,400 ಲೀಟರ್‌ನಿಂದ 12,150 ಲೀಟರ್‌ಗೆ ಏರಿದೆ. ಈ 750 ಲೀಟರ್‌ನಲ್ಲಿ 480 ಲೀಟರ್ ಆಗಸ್ಟ್‌ನಲ್ಲಿ ಆರಂಭವಾದ ಹೊಸ ಸಂಘದ್ದು. ಅದರ ಸದಸ್ಯರ ಸಭೆ, ಷೇರು ಸಂಗ್ರಹ, ನೋಂದಣಿಯ ಕಡತ ಓಡಾಟ ನನ್ನ ಕೆಲಸವಾಗಿತ್ತು. ಕಟ್ಟಡಕ್ಕೆ ಜಾಗ ಒದಗಿಸಿದವರು ಊರಿನವರು. ಉಳಿದ 270 ಲೀಟರ್ ಹೆಚ್ಚಳವನ್ನು ನನ್ನ ಸಾಧನೆಯೆಂದು ಬರೆಯುವುದಿಲ್ಲ. 2023ರ ಬರದ ನಂತರ ಮಳೆಯಾಗಿ ಹಸಿಮೇವು ಸಿಕ್ಕಿದ್ದೇ ಅದಕ್ಕೆ ಮುಖ್ಯ ಕಾರಣ ಎಂದು ನನ್ನ ಅಂದಾಜು.

ಗುಣಮಟ್ಟ
ಈ ವರ್ಷ ನಾನು ಹೆಚ್ಚು ಸಮಯ ಕೊಟ್ಟದ್ದು ಇದಕ್ಕೇ. 2024ರ ಏಪ್ರಿಲ್‌ನಲ್ಲಿ 6 ಸಂಘಗಳ ಸರಾಸರಿ ಎಸ್‌ಎನ್‌ಎಫ್ 8.5ಕ್ಕಿಂತ ಕಡಿಮೆ ಇತ್ತು. ಮಾರ್ಚ್‌ಗೆ ಅಂಥವು 2 ಉಳಿದಿವೆ. ಸುಧಾರಿಸಿದ ನಾಲ್ಕರಲ್ಲಿ ಎರಡು ಸಂಘಗಳಲ್ಲಿ ಹಾಲೇನೂ ಬದಲಾಗಿಲ್ಲ. ಪರೀಕ್ಷಾ ಯಂತ್ರವೇ ಕಡಿಮೆ ತೋರಿಸುತ್ತಿತ್ತು. ಒಕ್ಕೂಟದ ಪ್ರಯೋಗಾಲಯದ ಫಲಿತಾಂಶದ ಜೊತೆ ತಾಳೆ ನೋಡಿ ಸರಿಪಡಿಸಿದೆವು. ಉತ್ಪಾದಕರಿಗೆ ನ್ಯಾಯವಾದ ದರ ಸಿಕ್ಕಿತು ಅನ್ನುವುದು ನಿಜ, ಆದರೆ ಗುಣಮಟ್ಟ ಹೆಚ್ಚಿತು ಎನ್ನಲಾಗದು. ಇನ್ನೆರಡು ಸಂಘಗಳಲ್ಲಿ ಸದಸ್ಯವಾರು ಮಾದರಿ ಪರೀಕ್ಷಿಸಿ, ಕಡಿಮೆ ಬಂದ 38 ಮನೆಗಳಿಗೆ ಹೋಗಿ ಖನಿಜ ಮಿಶ್ರಣ ಮತ್ತು ಒಣಮೇವಿನ ಬಗ್ಗೆ ಹೇಳಿದೆ. 29 ಮನೆಗಳ ಹಾಲಿನಲ್ಲಿ ಸುಧಾರಣೆ ಕಂಡಿದೆ.

ಹುಳಿಯಾಗಿ ವಾಪಸಾದ ಕ್ಯಾನ್‌ಗಳು 61ರಿಂದ 23ಕ್ಕೆ ಇಳಿದಿವೆ. ಸಂಜೆಯ ವಾಹನ 40 ನಿಮಿಷ ಮುಂಚೆ ಬರಲಿ ಎಂಬ ಟಿಪ್ಪಣಿ ನನ್ನದು. ಅದನ್ನು ಜಾರಿಗೆ ತಂದದ್ದು ಸಾಗಣೆ ವಿಭಾಗ. ಕ್ಯಾನ್ ತೊಳೆಯುವ ಶಿಸ್ತು ಮಾತ್ರ ಸಂಘಗಳ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರ ಶ್ರಮ.

ಪ್ರೋತ್ಸಾಹಧನ
ಆಧಾರ್ ಜೋಡಣೆಯಾಗದೆ ಪ್ರೋತ್ಸಾಹಧನ ನಿಂತಿದ್ದ 114 ಸದಸ್ಯರಲ್ಲಿ 97 ಮಂದಿಗೆ ಹಣ ಜಮೆಯಾಗುತ್ತಿದೆ.

ಗುರಿ ಮುಟ್ಟದವು
ಅಜೋಲಾ ತೊಟ್ಟಿಗಳ ಗುರಿ 40. ಆದದ್ದು 17, ಈಗಲೂ ಬಳಕೆಯಲ್ಲಿರುವುದು 9. ಬೇಸಿಗೆಯಲ್ಲಿ ನೀರಿನ ಅಭಾವವಿರುವ ಊರುಗಳಲ್ಲಿ ಇದು ನಿಲ್ಲುವುದಿಲ್ಲ. ಮುಂದಿನ ವರ್ಷ ಗುರಿಯನ್ನು ಕೊಳವೆಬಾವಿ ಇರುವ ಮನೆಗಳಿಗಷ್ಟೇ ನಿಗದಿಪಡಿಸಬೇಕೆಂದು ಕೋರುತ್ತೇನೆ. 3 ಸಂಘಗಳ ಲೆಕ್ಕಪರಿಶೋಧನಾ ಆಕ್ಷೇಪಣೆಗಳಿಗೆ ಉತ್ತರ ಬಾಕಿಯಿದೆ. ಜೂನ್ ಕೊನೆಯೊಳಗೆ ಕೊಡಿಸುತ್ತೇನೆ.

ಸ್ವಂತ ಶ್ರೇಣಿ: ಉತ್ತಮ
ಗುಣಮಟ್ಟದ ಕೆಲಸವೊಂದನ್ನೇ ನೋಡಿದರೆ ‘ಅತ್ಯುತ್ತಮ’ ಕೇಳಬಹುದಿತ್ತು. ಅಜೋಲಾ ಮತ್ತು ಲೆಕ್ಕಪರಿಶೋಧನೆಯ ಬಾಕಿ ಇರುವಾಗ ಕೇಳುವುದು ಸರಿಯಲ್ಲ. ಪ್ರಯೋಗಾಲಯದ ವರದಿಗಳು, ಮಾರ್ಗದ ದಿನವಹಿ ಮತ್ತು 38 ಮನೆಗಳ ಭೇಟಿ ಪಟ್ಟಿಯನ್ನು ಲಗತ್ತಿಸಿದ್ದೇನೆ. ಉಳಿದ 20 ಸಂಘಗಳ ಯಂತ್ರಗಳನ್ನೂ ಪ್ರಯೋಗಾಲಯದೊಂದಿಗೆ ತಾಳೆ ನೋಡಲು ಅನುಮತಿ ಬೇಕಾಗಿದೆ.